ಬೈಕ್ ಸಾಲ ತೀರಿದ ಮೇಲೆ ಆರ್‌ಸಿಯಿಂದ ಹೈಪೋಥಿಕೇಶನ್ ತೆಗೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊನೆಯ ಕಂತು ಕಟ್ಟಿಯಾಗಿದೆ. ಗಾಡಿ ಈಗ ಪೂರ್ತಿಯಾಗಿ ನನ್ನದಲ್ಲವೇ?

ಗಾಡಿಯ ನೋಂದಾಯಿತ ಮಾಲೀಕರು ಮೊದಲ ದಿನದಿಂದಲೂ ನೀವೇ. ಆದರೆ ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಗೆ ಆ ಗಾಡಿಯ ಮೇಲೆ ಹಕ್ಕಿದೆ ಎಂಬ ನಮೂದು, ಅಂದರೆ ಹೈಪೋಥಿಕೇಶನ್, ಮೋಟಾರು ವಾಹನ ಕಾಯ್ದೆ, 1988ರ 51ನೇ ಕಲಮಿನ ಪ್ರಕಾರ ನಿಮ್ಮ ನೋಂದಣಿ ಪತ್ರದಲ್ಲಿಯೂ ಸಾರಿಗೆ ಇಲಾಖೆಯ ದಾಖಲೆಯಲ್ಲಿಯೂ ಸೇರಿರುತ್ತದೆ. ಕೊನೆಯ ಕಂತು ಸಂದಾಯವಾದಾಗ ಸಾಲ ಕೊಟ್ಟವರ ಲೆಕ್ಕದ ಪುಸ್ತಕದಲ್ಲಿ ಬಾಕಿ ತೀರುತ್ತದೆಯೇ ಹೊರತು ಆರ್‌ಟಿಒ ದಾಖಲೆಯಲ್ಲಿರುವ ಆ ನಮೂದು ಕದಲುವುದಿಲ್ಲ. ಅದನ್ನು ತೆಗೆಯಬೇಕಾದರೆ ನೀವೂ ಸಾಲ ಕೊಟ್ಟವರೂ ಸಹಿ ಮಾಡಿದ ಅರ್ಜಿ ಆರ್‌ಟಿಒಗೆ ತಲುಪಬೇಕು. ಸಾಲ ಕೊಟ್ಟವರು, ಆರ್‌ಟಿಒ, ವಿಮಾ ಕಂಪನಿ ಹೀಗೆ ಮೂರು ಕಡೆ ಮೂರು ಪ್ರತ್ಯೇಕ ದಾಖಲೆಗಳಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಕೆಲಸವೂ ಸುಲಭವಾಗಿ ಅರ್ಥವಾಗುತ್ತದೆ.

ತೆಗೆಸದೆ ಹಾಗೆಯೇ ಬಿಟ್ಟರೆ ಏನಾಗುತ್ತದೆ?

ಗಾಡಿ ಓಡಿಸಲು ಯಾವ ಅಡ್ಡಿಯೂ ಇಲ್ಲ, ಆದ್ದರಿಂದಲೇ ಬಹಳಷ್ಟು ಜನ ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ತೊಂದರೆ ಎದುರಾಗುವುದು ಗಾಡಿ ಮಾರುವಾಗ. ಹೈಪೋಥಿಕೇಶನ್ ನಮೂದು ಇರುವ ತನಕ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕತ್ವದ ವರ್ಗಾವಣೆಯನ್ನು ದಾಖಲಿಸಲು ಕಾಯ್ದೆ ಅವಕಾಶ ಕೊಡುವುದಿಲ್ಲ. ಆರ್‌ಸಿ ಕಳೆದುಹೋಗಿ ನಕಲು ಪ್ರತಿ ಬೇಕಾದಾಗ, ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ದು ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕಾದಾಗಲೂ ಅವರ ನಿರಾಕ್ಷೇಪಣಾ ಪತ್ರವನ್ನು, ಅಂದರೆ ಎನ್‌ಒಸಿಯನ್ನು, ಕೇಳುತ್ತಾರೆ. ಇನ್ನೂ ನೋವಿನ ಸಂದರ್ಭವೆಂದರೆ ಗಾಡಿ ಕಳುವಾದಾಗ ಅಥವಾ ಅಪಘಾತದಲ್ಲಿ ಪೂರ್ತಿ ಹಾಳಾದಾಗ. ಪಾಲಿಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಪರಿಹಾರದ ಹಣಕ್ಕೆ ಮೊದಲ ಹಕ್ಕು ಅದರದೇ ಎಂದು ವಿಮಾ ಕಂಪನಿ ಪರಿಗಣಿಸುತ್ತದೆ, ಅಥವಾ ಸಾಲ ತೀರಿದ ಪತ್ರ ತರುವ ತನಕ ಹಣವನ್ನು ತಡೆಹಿಡಿಯುತ್ತದೆ. ಗಾಡಿ ಕಳೆದುಕೊಂಡ ದುಃಖದಲ್ಲಿರುವಾಗ ಐದಾರು ವರ್ಷದ ಹಿಂದಿನ ಸಾಲದ ಕಾಗದಕ್ಕಾಗಿ ಅಲೆಯುವ ಸ್ಥಿತಿ ಯಾರಿಗೂ ಬರಬಾರದು. ಆದ್ದರಿಂದ ಸಾಲ ತೀರಿದ ತಿಂಗಳಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ.

ಎಲ್ಲ ಕಂತುಗಳೂ ಮುಗಿದಿವೆ, ಆದರೂ ಎನ್‌ಒಸಿ ಕೊಡುತ್ತಿಲ್ಲ. ಕಾರಣವೇನಿರಬಹುದು?

ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಒಂದೇ: ಕಂತುಗಳು ಮುಗಿದಿರುತ್ತವೆ, ಆದರೆ ಸಾಲದ ಖಾತೆ ಮುಚ್ಚಿರುವುದಿಲ್ಲ. ಒಂದು ಉದಾಹರಣೆಯನ್ನು ಲೆಕ್ಕದ ಸಮೇತ ನೋಡೋಣ.

ಮಂಡ್ಯದಲ್ಲಿ ಒಬ್ಬರು ಸ್ಕೂಟರ್ ಕೊಳ್ಳಲು 85,000 ರೂಪಾಯಿ ಸಾಲ ಮಾಡಿದರೆಂದು ಇಟ್ಟುಕೊಳ್ಳಿ. ಇಳಿಕೆ ಬಾಕಿಯ ಮೇಲೆ ವರ್ಷಕ್ಕೆ ಶೇಕಡಾ 12ರ ಬಡ್ಡಿ, 36 ಕಂತು. ಹಾಗಾದರೆ ತಿಂಗಳ ಕಂತು ಸುಮಾರು 2,823 ರೂಪಾಯಿ. ಮೊದಲ ಕಂತು 2022ರ ಮೇ 5ಕ್ಕೆ, ಕೊನೆಯದು 2025ರ ಏಪ್ರಿಲ್ 5ಕ್ಕೆ. ಹದಿನಾಲ್ಕನೆಯ ಕಂತು, ಅಂದರೆ 2023ರ ಜೂನ್ 5ರದು, ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆಯಿತು. ಅವರು ಏಳು ದಿನ ಬಿಟ್ಟು ಅದೇ 2,823 ರೂಪಾಯಿಯನ್ನು ಯುಪಿಐ ಮೂಲಕ ಕಟ್ಟಿ, ಲೆಕ್ಕ ಸರಿಹೋಯಿತೆಂದು ನೆಮ್ಮದಿಯಿಂದಿದ್ದರು. ಆದರೆ ಸಾಲ ಕೊಟ್ಟವರು ಬೌನ್ಸ್ ಶುಲ್ಕವೆಂದು 450 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 81 ರೂಪಾಯಿ, ತಡವಾದ ಏಳು ದಿನಕ್ಕೆ ತಿಂಗಳಿಗೆ ಶೇಕಡಾ 2ರಂತೆ 13 ರೂಪಾಯಿ, ಹೀಗೆ ಒಟ್ಟು 544 ರೂಪಾಯಿಯನ್ನು ಖಾತೆಗೆ ಬರೆದಿದ್ದರು. ಮುಂದಿನ ಕಂತುಗಳೆಲ್ಲವೂ ಕಂತಿನ ಲೆಕ್ಕಕ್ಕೇ ಜಮೆಯಾದವು, ಈ 544 ರೂಪಾಯಿ ಮಾತ್ರ ಹಾಗೆಯೇ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಖಾತೆ ಮುಚ್ಚದಿರಲು ಇದೊಂದೇ ಕಾರಣ.

ಇದನ್ನು ಪತ್ತೆಹಚ್ಚಲು ಕಂತಿನ ವೇಳಾಪಟ್ಟಿ ಸಾಲದು. ಸಾಲದ ಖಾತೆಯ ಪೂರ್ಣ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ, ಅದರಲ್ಲಿ ಅಸಲು, ಬಡ್ಡಿ ಎಂಬ ಅಂಕಣಗಳ ಆಚೆಗಿರುವ ಇತರ ಶುಲ್ಕಗಳ ಸಾಲನ್ನು ಓದಿ. ಇದನ್ನು ಕೊನೆಯ ಕಂತಿಗೆ ಎರಡು ತಿಂಗಳ ಮೊದಲೇ ಮಾಡಿದರೆ, ಒಪ್ಪತಕ್ಕ ಶುಲ್ಕವನ್ನು ಕಟ್ಟಲು, ಒಪ್ಪಲಾಗದ್ದನ್ನು ಪ್ರಶ್ನಿಸಲು ಸಮಯವಿರುತ್ತದೆ. ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪಿದ ಕಂತಿಗೆ ದಂಡದ ರೂಪದ ಬಡ್ಡಿ ಸೇರಿಸುವಂತಿಲ್ಲ, ಸಮಂಜಸವಾದ ದಂಡ ಶುಲ್ಕವನ್ನಷ್ಟೇ ಹಾಕಬಹುದು, ಮತ್ತು ಆ ಶುಲ್ಕದ ಮೇಲೆ ಪುನಃ ಬಡ್ಡಿ ಬೆಳೆಸುವಂತಿಲ್ಲ. ಇದು 2024ರ ಏಪ್ರಿಲ್ 1ರಿಂದ ಕೊಟ್ಟ ಹೊಸ ಸಾಲಗಳಿಗೆ ಅನ್ವಯಿಸಿತು, ಹಳೆಯ ಸಾಲಗಳನ್ನು ಆ ವರ್ಷದ ಜೂನ್ ಅಂತ್ಯದೊಳಗೆ ಹೊಸ ವ್ಯವಸ್ಥೆಗೆ ತರಬೇಕಾಗಿತ್ತು. ಆದ್ದರಿಂದ 544 ರೂಪಾಯಿ ಎರಡು ವರ್ಷದಲ್ಲಿ ಎರಡು ಸಾವಿರವಾಗಿ ನಿಂತಿದ್ದರೆ, ಅದು ಹೇಗಾಯಿತೆಂಬ ವಿವರವನ್ನು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ.

ಅವಧಿಗೆ ಮೊದಲೇ ಸಾಲ ತೀರಿಸುವವರು ಏನನ್ನು ಗಮನಿಸಬೇಕು?

ಸಾಲ ಕೊಟ್ಟವರು ಕೊಡುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್‌ನಲ್ಲಿರುವ ಮೊತ್ತ ಒಂದು ನಿರ್ದಿಷ್ಟ ದಿನಾಂಕದ ತನಕ ಮಾತ್ರ ಸರಿ. ಆ ದಿನಾಂಕ ದಾಟಿ ಅದೇ ಮೊತ್ತ ಕಟ್ಟಿದರೆ ಕೆಲವು ದಿನಗಳ ಬಡ್ಡಿ ಬಾಕಿ ಉಳಿದು, ಮೇಲೆ ಹೇಳಿದ ಸ್ಥಿತಿಯೇ ಬರುತ್ತದೆ.

ಸಾಲ ಕೊಟ್ಟವರಿಂದ ಯಾವ ಯಾವ ಕಾಗದ ಪಡೆಯಬೇಕು?

ಎರಡು ಕಾಗದ ಮುಖ್ಯ. ಒಂದು ಆರ್‌ಟಿಒ ಹೆಸರಿಗೆ ಬರೆದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಇನ್ನೊಂದು ಫಾರ್ಮ್ 35, ಇದು ಹೈಪೋಥಿಕೇಶನ್ ಒಪ್ಪಂದ ಕೊನೆಗೊಂಡಿದೆ ಎಂದು ನೀವೂ ಸಾಲ ಕೊಟ್ಟವರೂ ಒಟ್ಟಾಗಿ ತಿಳಿಸುವ ನಮೂನೆ. ಫಾರ್ಮ್ 35 ಎರಡು ಪ್ರತಿ ಬೇಕು. ಗಾಡಿ ಮೊದಲು ನೋಂದಣಿಯಾದ ಕಚೇರಿ ಒಂದು, ಈಗ ದಾಖಲೆಯಿರುವ ಕಚೇರಿ ಇನ್ನೊಂದು ಆಗಿದ್ದರೆ ಮೂರು ಪ್ರತಿ ಬೇಕು. ಪ್ರತಿಯೊಂದರ ಮೇಲೂ ಸಾಲ ಕೊಟ್ಟವರ ಅಧಿಕೃತ ಸಹಿ ಮತ್ತು ಮೊಹರು ಇರಬೇಕು. ಒಂದಕ್ಕೆ ಮಸಿಯ ಸಹಿ ಹಾಕಿ ಮಿಕ್ಕವನ್ನು ಜೆರಾಕ್ಸ್ ಮಾಡಿಕೊಟ್ಟರೆ ಕೌಂಟರ್‌ನಲ್ಲಿ ಹಿಂದಿರುಗಿಸುವ ಸಾಧ್ಯತೆ ಹೆಚ್ಚು. ಇವೆರಡರ ಜೊತೆಗೆ ಸಾಲದ ಖಾತೆ ಮುಚ್ಚಿದೆ ಎಂಬ ಪತ್ರವನ್ನು ನಿಮ್ಮ ಬಳಿ ಇಟ್ಟುಕೊಳ್ಳಲು ಪಡೆಯಿರಿ. ಸಾಲದ ಸಮಯದಲ್ಲಿ ಸಹಿ ಮಾಡಿಕೊಟ್ಟ ಖಾಲಿ ಚೆಕ್ಕುಗಳಿದ್ದರೆ ಅವನ್ನೂ ಮರಳಿ ಕೇಳಿ.

ಎನ್‌ಒಸಿಗೆ ಅವಧಿಯಿರುತ್ತದೆ ಎಂಬುದನ್ನು ಮರೆಯಬೇಡಿ. ಸಾಮಾನ್ಯವಾಗಿ ಅದು 90 ದಿನ, ಪತ್ರದಲ್ಲೇ ಬರೆದಿರುತ್ತದೆ. ಏಪ್ರಿಲ್ 28ರ ದಿನಾಂಕದ ಪತ್ರವಾದರೆ ಜುಲೈ 27ಕ್ಕೆ ಅದು ಮುಗಿಯುತ್ತದೆ. ಆಮೇಲೆ ಹೊಸದನ್ನು ಪಡೆಯಬೇಕಾಗುತ್ತದೆ, ಅದಕ್ಕೆ ಅನೇಕ ಸಂಸ್ಥೆಗಳು ಶುಲ್ಕ ಕೇಳುತ್ತವೆ.

ಎನ್‌ಒಸಿ ಕೈಗೆ ಬಂದ ಕೂಡಲೇ ಏನನ್ನು ಪರಿಶೀಲಿಸಬೇಕು?

ಆರ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಇವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ತಪ್ಪುಗಳು ಹೆಚ್ಚಾಗಿ ಆಗುವುದು ಚಾಸಿ ಸಂಖ್ಯೆಯಲ್ಲಿ. ಅದು 17 ಅಕ್ಷರ ಮತ್ತು ಅಂಕಿಗಳ ಸರಣಿ, ಮತ್ತು ಅದರಲ್ಲಿ ಐ, ಒ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಒಂದು, ಸೊನ್ನೆ ಎಂಬ ಅಂಕಿಗಳೊಡನೆ ಗೊಂದಲವಾಗದಿರಲೆಂದು ಬಳಸುವುದೇ ಇಲ್ಲ. ಹಾಗಾಗಿ ನಿಮ್ಮ ಎನ್‌ಒಸಿಯಲ್ಲಿ ಸೊನ್ನೆಯ ಜಾಗದಲ್ಲಿ ಒ ಅಕ್ಷರ ಕಂಡರೆ, ಅಥವಾ ಎಣಿಸಿದಾಗ 16 ಬಂದರೆ, ಅದು ಬೆರಳಚ್ಚಿನ ತಪ್ಪು ಎಂದು ತಕ್ಷಣವೇ ತಿಳಿಯಬಹುದು. ಹೆಸರಿನಲ್ಲಿ ಇನಿಷಿಯಲ್ ವ್ಯತ್ಯಾಸ, ತಂದೆಯ ಹೆಸರು ಸೇರಿರುವುದು ಅಥವಾ ಬಿಟ್ಟುಹೋಗಿರುವುದು ನಮ್ಮ ಕಡೆ ಸಾಮಾನ್ಯ, ಅದನ್ನೂ ಆರ್‌ಸಿಯಲ್ಲಿರುವಂತೆಯೇ ಮಾಡಿಸಿಕೊಳ್ಳಿ. ಈ ತಿದ್ದುಪಡಿಯನ್ನು ಸಾಲ ಕೊಟ್ಟವರೇ ಮಾಡಿ ಹೊಸ ಪತ್ರ ಕೊಡಬೇಕು. ನೀವು ಪೆನ್ನಿನಿಂದ ತಿದ್ದಿದ ಪತ್ರ ನಡೆಯುವುದಿಲ್ಲ.

ಅರ್ಜಿ ಹಾಕುವುದು ಹೇಗೆ?

ಕರ್ನಾಟಕದಲ್ಲಿ ನೋಂದಣಿಯಾದ ಗಾಡಿಗಳ ದಾಖಲೆ ವಾಹನ್ ತಂತ್ರಾಂಶದಲ್ಲಿದೆ. vahan.parivahan.gov.in ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನೂ ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿಗಳನ್ನೂ ಕೊಟ್ಟರೆ, ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ. ಸೇವೆಗಳ ಪಟ್ಟಿಯಲ್ಲಿ Hypothecation Termination ಎಂಬುದನ್ನು ಆರಿಸಿ ವಿವರ ತುಂಬಿದರೆ, ತಂತ್ರಾಂಶವೇ ಶುಲ್ಕವನ್ನು ಲೆಕ್ಕಹಾಕಿ ತೋರಿಸುತ್ತದೆ. ಅದನ್ನು ಆನ್‌ಲೈನ್‌ನಲ್ಲಿ ಕಟ್ಟಿ, ರಸೀದಿ ಮತ್ತು ಅರ್ಜಿಯ ಪ್ರತಿಯನ್ನು ಮುದ್ರಿಸಿಕೊಳ್ಳಿ. ಕಾಗದಗಳನ್ನು ಆರ್‌ಟಿಒ ಕಚೇರಿಗೆ ಒಪ್ಪಿಸಬೇಕಾದಲ್ಲಿ ಮೂಲ ಆರ್‌ಸಿ, ಎನ್‌ಒಸಿ, ಫಾರ್ಮ್ 35ರ ಪ್ರತಿಗಳು, ಚಾಲ್ತಿಯಲ್ಲಿರುವ ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್, ವಿಳಾಸದ ದಾಖಲೆ ಇವುಗಳನ್ನು ರಸೀದಿಯೊಂದಿಗೆ ಕೊಡಿ. ಸಲ್ಲಿಸುವ ಮೊದಲು ಎಲ್ಲದರ ಚಿತ್ರ ತೆಗೆದಿಟ್ಟುಕೊಳ್ಳಿ. ಕೆಲವು ಬ್ಯಾಂಕುಗಳು ಸಾಲ ತೀರಿದ ಮಾಹಿತಿಯನ್ನು ನೇರವಾಗಿ ವಾಹನ್‌ಗೆ ಕಳುಹಿಸುವ ವ್ಯವಸ್ಥೆ ಮಾಡಿಕೊಂಡಿವೆ. ನಿಮ್ಮ ಬ್ಯಾಂಕ್ ಹಾಗೆ ಮಾಡುತ್ತದೆಯೇ ಎಂದು ಮೊದಲೇ ಕೇಳಿಕೊಂಡರೆ ಕಾಗದದ ಕೆಲಸ ಬಹಳ ಕಡಿಮೆಯಾಗುತ್ತದೆ.

ಅರ್ಜಿ ಇಲ್ಲಿ ಹೆಚ್ಚಾಗಿ ನಿಂತುಹೋಗುವುದು ಒಟಿಪಿಯ ಹಂತದಲ್ಲಿ. ಗಾಡಿ ಕೊಂಡಾಗ ಶೋರೂಮಿನವರು ತಮ್ಮದೇ ಸಂಖ್ಯೆ ಕೊಟ್ಟಿರಬಹುದು, ಅಥವಾ ನೀವು ಆಗ ಬಳಸುತ್ತಿದ್ದ ಸಿಮ್ ಈಗ ಇಲ್ಲದಿರಬಹುದು. ಹಾಗಿದ್ದರೆ ಮೊದಲು ಮೊಬೈಲ್ ಸಂಖ್ಯೆ ಬದಲಿಸುವ ಸೇವೆಯನ್ನು ಅದೇ ಜಾಲತಾಣದಲ್ಲಿ ಬಳಸಿ, ಆಮೇಲೆ ಈ ಅರ್ಜಿಗೆ ಬನ್ನಿ. ವಿಳಾಸವನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಹೊಸ ಆರ್‌ಸಿ ಅಂಚೆಯಲ್ಲಿ ಬಂದಾಗ ಅದು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ.

ನಾನೀಗ ಬೆಂಗಳೂರಿನಲ್ಲಿದ್ದೇನೆ, ಗಾಡಿ ಮಂಡ್ಯದ್ದು. ಜಯನಗರದ ಆರ್‌ಟಿಒದಲ್ಲಿ ಮಾಡಿಸಬಹುದೇ?

ನಮೂದನ್ನು ರದ್ದು ಮಾಡುವ ಅಧಿಕಾರ ಗಾಡಿಯ ದಾಖಲೆ ಕೊನೆಯದಾಗಿ ಯಾವ ನೋಂದಣಿ ಪ್ರಾಧಿಕಾರದಲ್ಲಿದೆಯೋ ಅದಕ್ಕೆ ಸೇರಿದ್ದು. ಕೆಎ 11 ಎಂದು ಶುರುವಾಗುವ ಗಾಡಿಯ ವಿಳಾಸವನ್ನು ನೀವು ಬೆಂಗಳೂರಿಗೆ ಬದಲಿಸಿಲ್ಲವಾದರೆ ಅದು ಮಂಡ್ಯದ ಕಚೇರಿಯೇ. ಆನ್‌ಲೈನ್ ಅರ್ಜಿಯೂ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಎನ್‌ಒಸಿಯನ್ನು ಬರೆಸುವಾಗಲೂ ಅದು ಮಂಡ್ಯದ ಆರ್‌ಟಿಒ ಹೆಸರಿಗಿರಲಿ. ಬ್ಯಾಂಕಿನ ಶಾಖೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆರ್‌ಸಿಯಲ್ಲಿರುವ ಬ್ಯಾಂಕೇ ಈಗ ಇಲ್ಲ. ಯಾರನ್ನು ಕೇಳಬೇಕು?

ಕರ್ನಾಟಕದಲ್ಲಿ ಈ ಪ್ರಶ್ನೆ ಬಹಳ ಜನರದು, ಏಕೆಂದರೆ ನಮ್ಮಲ್ಲಿ ಹುಟ್ಟಿ ಬೆಳೆದ ಹಲವು ಬ್ಯಾಂಕುಗಳು ಕೆಲವೇ ವರ್ಷಗಳಲ್ಲಿ ವಿಲೀನಗೊಂಡವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದೊಂದಿಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದೊಂದಿಗೆ ಒಂದಾದವು. ನಿಮ್ಮ ಹಳೆಯ ಸಾಲದ ಎನ್‌ಒಸಿಯನ್ನು ಈಗಿನ ಬ್ಯಾಂಕೇ ಕೊಡಬೇಕು. ಆದರೆ ಆರ್‌ಸಿಯಲ್ಲಿ ಹಳೆಯ ಹೆಸರು, ಪತ್ರದಲ್ಲಿ ಹೊಸ ಹೆಸರು ಇದ್ದರೆ ಕೌಂಟರ್‌ನಲ್ಲಿರುವವರು ಸಹಜವಾಗಿಯೇ ಅನುಮಾನಿಸುತ್ತಾರೆ. ಆದ್ದರಿಂದ ಹಳೆಯ ಬ್ಯಾಂಕ್ ಇಂಥ ದಿನಾಂಕದಂದು ತಮ್ಮಲ್ಲಿ ವಿಲೀನವಾಗಿದೆ, ಆ ಸಾಲವೂ ತೀರಿದೆ ಎಂಬ ಒಂದು ವಾಕ್ಯವನ್ನು ಎನ್‌ಒಸಿಯಲ್ಲೇ ಬರೆಸಿಕೊಳ್ಳಿ. ಹಳೆಯ ಸಾಲದ ಖಾತೆ ಸಂಖ್ಯೆ ನಿಮ್ಮಲ್ಲಿದ್ದರೆ ಶಾಖೆಯವರಿಗೆ ಹುಡುಕುವ ಕಷ್ಟ ತಪ್ಪುತ್ತದೆ. ಫೈನಾನ್ಸ್ ಕಂಪನಿಯೊಂದು ಬಾಗಿಲು ಹಾಕಿದ್ದರೆ, ಅದರ ಸಾಲಗಳನ್ನು ಬೇರೆ ಯಾವ ಸಂಸ್ಥೆ ವಹಿಸಿಕೊಂಡಿದೆ ಎಂದು ತಿಳಿದು ಅದಕ್ಕೆ, ಕಂಪನಿ ಸಮಾಪನೆಯಲ್ಲಿದ್ದರೆ ನೇಮಕಗೊಂಡಿರುವ ಸಮಾಪಕರಿಗೆ ಬರೆಯಬೇಕಾಗುತ್ತದೆ.

ಮೂಲ ಆರ್‌ಸಿ ಕಳೆದುಹೋಗಿದೆ.

ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದೂರು ದಾಖಲಿಸಿ ಅದರ ಪ್ರತಿ ಪಡೆಯಿರಿ, ನಕಲು ಆರ್‌ಸಿಗೆ ಫಾರ್ಮ್ 26ರಲ್ಲಿ ಅರ್ಜಿ ಹಾಕಿ. ಅದಕ್ಕೂ ಸಾಲ ಕೊಟ್ಟವರ ಒಪ್ಪಿಗೆ ಬೇಕಾಗುವುದರಿಂದ ಎನ್‌ಒಸಿ ಕೈಯಲ್ಲಿರುವಾಗಲೇ ಎರಡೂ ಕೆಲಸಗಳನ್ನು ಕೈಗೆತ್ತಿಕೊಳ್ಳುವುದು ಲೇಸು.

ಗಾಡಿಯ ಮಾಲೀಕರಾದ ನಮ್ಮ ತಂದೆ ತೀರಿಹೋಗಿದ್ದಾರೆ. ಸಾಲ ತೀರಿಸಿದ್ದೇವೆ. ಮುಂದೇನು?

ಫಾರ್ಮ್ 35ಕ್ಕೆ ಸಹಿ ಹಾಕಬೇಕಾದ ನೋಂದಾಯಿತ ಮಾಲೀಕರು ಇಲ್ಲದಿರುವುದರಿಂದ, ವಾರಸುದಾರರ ಹೆಸರಿಗೆ ವರ್ಗಾವಣೆಯ ಅರ್ಜಿಯೂ ಜೊತೆಗೆ ಬೇಕಾಗುತ್ತದೆ. ಅದಕ್ಕೆ ಫಾರ್ಮ್ 31, ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳಿ. ಸಾಲ ಕೊಟ್ಟವರಿಗೂ ಮರಣದ ವಿಷಯವನ್ನು ತಿಳಿಸಿ, ಎನ್‌ಒಸಿಯಲ್ಲಿ ತೀರಿಹೋದವರ ಹೆಸರಿನ ಜೊತೆಗೆ ವಾರಸುದಾರರ ಹೆಸರನ್ನೂ ಉಲ್ಲೇಖಿಸುವಂತೆ ಕೇಳಿ.

ಖಾತೆ ಮುಚ್ಚಿದೆ, ಆದರೂ ಸಾಲ ಕೊಟ್ಟವರು ಎನ್‌ಒಸಿ ಕೊಡಲು ಸತಾಯಿಸುತ್ತಿದ್ದಾರೆ. ಯಾರಿಗೆ ದೂರು ಕೊಡಬೇಕು?

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ವೈಯಕ್ತಿಕ ಸಾಲ ಪೂರ್ತಿಯಾಗಿ ತೀರಿದ 30 ದಿನಗಳೊಳಗೆ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ತನ್ನ ಬಳಿಯಿರುವ ಮೂಲ ಆಸ್ತಿ ದಾಖಲೆಗಳನ್ನು ಹಿಂದಿರುಗಿಸಬೇಕು ಮತ್ತು ನೋಂದಾಯಿಸಿದ ಋಣಭಾರವನ್ನು ತೆಗೆಸಬೇಕು. ತನ್ನ ಕಡೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ರಿಸರ್ವ್ ಬ್ಯಾಂಕಿನ ವರ್ಗೀಕರಣದಲ್ಲಿ ಸ್ವಂತ ಬಳಕೆಯ ವಾಹನ ಸಾಲವೂ ವೈಯಕ್ತಿಕ ಸಾಲಗಳ ಗುಂಪಿಗೇ ಸೇರುತ್ತದೆ. ಬಾಡಿಗೆ ಅಥವಾ ವ್ಯಾಪಾರಕ್ಕೆಂದು ಪಡೆದ ವಾಹನ ಸಾಲ ಅದರಲ್ಲಿ ಬರುವುದಿಲ್ಲ.

ಈ ನಿರ್ದೇಶನದ ಬಲ ನಿಮಗೆ ದೊರೆಯಬೇಕಾದರೆ ಬೇಡಿಕೆ ಬರವಣಿಗೆಯಲ್ಲಿರಬೇಕು. ಕರೆ ಮಾಡಿ ಕೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಸಾಲದ ಖಾತೆ ಸಂಖ್ಯೆ, ಖಾತೆ ಮುಚ್ಚಿದ ದಿನಾಂಕ, ಕೊನೆಯ ಪಾವತಿಯ ರಸೀದಿ ಸಂಖ್ಯೆ, ಎನ್‌ಒಸಿ ಮತ್ತು ಫಾರ್ಮ್ 35 ಬೇಕೆಂಬ ಸ್ಪಷ್ಟ ಮಾತು, ಈ ನಿರ್ದೇಶನದ ದಿನಾಂಕ ಇವಿಷ್ಟನ್ನು ಬರೆದು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳುಹಿಸಿ, ದೂರಿನ ಸಂಖ್ಯೆಯನ್ನು ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ, cms.rbi.org.in ಜಾಲತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಸಹಾಯಕ್ಕೆ 14448 ಸಂಖ್ಯೆಗೆ ಕರೆ ಮಾಡಬಹುದು. ಆದರೆ ಖಾತೆಯಲ್ಲಿ 544 ರೂಪಾಯಿಯಂತಹ ಬಾಕಿ ಉಳಿದಿದ್ದರೆ 30 ದಿನಗಳ ಎಣಿಕೆ ಶುರುವಾಗಿಲ್ಲ ಎಂದೇ ಸಂಸ್ಥೆ ವಾದಿಸುತ್ತದೆ. ಸ್ಟೇಟ್‌ಮೆಂಟ್ ಮೊದಲು ನೋಡಿ ಎಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ.

ಆರ್‌ಟಿಒ ಮುಂದಿರುವ ಏಜೆಂಟರಿಗೆ ಒಪ್ಪಿಸಿದರೆ ಸಾಲದೇ?

ಒಪ್ಪಿಸುವುದು ಬಿಡುವುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ಯಾರಿಗೆ ಒಪ್ಪಿಸಿದರೂ ವಿವರ ತುಂಬದ ಫಾರ್ಮ್‌ಗೆ ಸಹಿ ಹಾಕಿಕೊಡಬೇಡಿ, ವರ್ಗಾವಣೆಗೆ ಬಳಸುವ ಫಾರ್ಮ್ 29 ಮತ್ತು 30ಕ್ಕಂತೂ ಖಂಡಿತ ಬೇಡ. ಈ ಕೆಲಸಕ್ಕೆ ಅವುಗಳ ಅಗತ್ಯವೇ ಇಲ್ಲ. ಒಟಿಪಿಯನ್ನು ಫೋನಿನಲ್ಲಿ ಹೇಳುವ ಮುನ್ನ ಅದು ಯಾವ ಸೇವೆಗೆ ಬಂದದ್ದು ಎಂದು ಸಂದೇಶವನ್ನು ಓದಿ.

ನಮೂದು ನಿಜವಾಗಿಯೂ ಹೋಗಿದೆಯೆಂದು ತಿಳಿಯುವುದು ಹೇಗೆ?

ಹೊಸ ಕಾರ್ಡ್ ಬರುವ ತನಕ ಕಾಯಬೇಕಿಲ್ಲ. ಅರ್ಜಿ ಮಂಜೂರಾದ ಮೇಲೆ ಎಂಪರಿವಾಹನ್ ಆಪ್‌ನಲ್ಲಿ ಗಾಡಿಯ ವಿವರವನ್ನು ತೆರೆದು ನೋಡಿ, ಫೈನಾನ್ಸರ್ ಎಂಬ ಜಾಗದಲ್ಲಿ ಸಾಲ ಕೊಟ್ಟವರ ಹೆಸರು ಇರಬಾರದು. ಡಿಜಿಲಾಕರ್‌ನಲ್ಲಿ ಹಳೆಯ ಆರ್‌ಸಿ ಉಳಿದುಕೊಂಡಿದ್ದರೆ ಅದನ್ನು ತೆಗೆದು ಪುನಃ ಪಡೆದುಕೊಳ್ಳಿ. ಕಾರ್ಡ್ ಬಂದಾಗ ಅದರಲ್ಲೂ ನೋಡಿ. ಆಪ್‌ನಲ್ಲಿ ಹೆಸರು ಹೋಗಿ ಕಾರ್ಡಿನಲ್ಲಿ ಉಳಿದಿದ್ದರೆ ಅರ್ಜಿಯ ಸಂಖ್ಯೆಯೊಂದಿಗೆ ಕಚೇರಿಯನ್ನು ತಕ್ಷಣ ಸಂಪರ್ಕಿಸಿ.

ವಿಮೆಯ ಪಾಲಿಸಿಯಲ್ಲಿ ತಾನಾಗಿಯೇ ಬದಲಾಗುತ್ತದೆಯೇ?

ಇಲ್ಲ. ಪಾಲಿಸಿಯಲ್ಲಿ ಐಎಂಟಿ 7 ಎಂಬ ಷರತ್ತಿನ ಮೂಲಕ ಸಾಲ ಕೊಟ್ಟವರ ಹೆಸರು ಸೇರಿರುತ್ತದೆ. ಎನ್‌ಒಸಿ ಮತ್ತು ಹೊಸ ಆರ್‌ಸಿಯ ಪ್ರತಿಯನ್ನು ವಿಮಾ ಕಂಪನಿಗೆ ಕಳುಹಿಸಿ, ಆ ಹೆಸರನ್ನು ತೆಗೆದು ಎಂಡಾರ್ಸ್‌ಮೆಂಟ್ ಕೊಡುವಂತೆ ಕೇಳಿ. ಮುಂದಿನ ವರ್ಷ ನವೀಕರಿಸುವಾಗ ಸರಿಹೋಗುತ್ತದೆ ಎಂದು ಬಿಡಬೇಡಿ, ಏಕೆಂದರೆ ಆನ್‌ಲೈನ್ ನವೀಕರಣದಲ್ಲಿ ಹಳೆಯ ವಿವರಗಳೇ ಹೊಸ ಪಾಲಿಸಿಗೂ ನಕಲಾಗುತ್ತವೆ.

ಸಿಬಿಲ್ ವರದಿಯಲ್ಲಿ ಸಾಲ ಮುಗಿದಿದೆ ಎಂದು ತೋರಿಸುತ್ತಿದೆ. ಅಷ್ಟು ಸಾಲದೇ?

ಸಾಲದು. ಆ ವರದಿಗೂ ಆರ್‌ಟಿಒ ದಾಖಲೆಗೂ ಸಂಬಂಧವಿಲ್ಲ, ಒಂದು ಸರಿಯಾದರೆ ಇನ್ನೊಂದು ಸರಿಯಾಗುವುದಿಲ್ಲ. ಖಾತೆ ಮುಚ್ಚಿದ ಒಂದೆರಡು ತಿಂಗಳ ನಂತರ ವರದಿಯನ್ನೂ ಒಮ್ಮೆ ತೆರೆದು, ಸಾಲ ಮುಗಿದಿದೆ ಎಂದಿದೆಯೇ, ಅಥವಾ ರಾಜಿಯಲ್ಲಿ ಇತ್ಯರ್ಥವಾಗಿದೆ ಎಂದಿದೆಯೇ ಎಂಬುದನ್ನು ಗಮನಿಸಿ. ಪೂರ್ತಿ ಹಣ ಕಟ್ಟಿಯೂ ಎರಡನೆಯ ಮಾತು ಕಂಡರೆ, ಖಾತೆ ಮುಚ್ಚಿದ ಪತ್ರವನ್ನು ಲಗತ್ತಿಸಿ ಸಾಲ ಕೊಟ್ಟವರಿಗೂ ವರದಿ ನೀಡಿದ ಸಂಸ್ಥೆಗೂ ತಿದ್ದುಪಡಿಗಾಗಿ ಬರೆಯಿರಿ.